ಪ್ರತ್ಯಯ ಅಳಿದರೂ ಉಳಿದ ಲೋಪ: ಕನ್ನಡ ನಿಷೇಧರೂಪಗಳ ಚರಿತ್ರೆಯ ಸಾಕ್ಷ್ಯ

1. ಪ್ರಶ್ನೆ

ಕನ್ನಡ ವಾಕ್ಯದಲ್ಲಿ ಕರ್ತೃಪದವನ್ನು ಬಿಡಬಹುದು ಎಂಬುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣವನ್ನು ಕೊಡಲಾಗುತ್ತದೆ. ‘ಬಂದೆನು’ ಎಂದರೆ ಬಂದವನು ಮಾತನಾಡುವವನೇ ಎಂದೂ, ‘ಬಂದಳು’ ಎಂದರೆ ಬಂದವಳು ಒಬ್ಬ ಹೆಣ್ಣು ಎಂದೂ ಕ್ರಿಯಾಪದದ ಕೊನೆಯೇ ತಿಳಿಸುತ್ತದೆ. ಹೇಳಿದ್ದನ್ನೇ ಸರ್ವನಾಮದಿಂದ ಮತ್ತೆ ಹೇಳಬೇಕಾಗಿಲ್ಲ. ಆದ್ದರಿಂದ ಅದು ಲೋಪವಾಗುತ್ತದೆ. ಈ ವಿವರಣೆ ಎಷ್ಟು ಸಹಜವಾಗಿ ತೋರುತ್ತದೆಂದರೆ, ಭಾಷಾವರ್ಗೀಕರಣದ ಪಟ್ಟಿಗಳಲ್ಲಿ ಕನ್ನಡವನ್ನು ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳ ಪಕ್ಕದಲ್ಲಿ ಇರಿಸುವಾಗ ಅದನ್ನು ಯಾರೂ ಮತ್ತೆ ಪರೀಕ್ಷಿಸುವುದಿಲ್ಲ.

ಆದರೆ ಇದನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ಕನ್ನಡದ ಚರಿತ್ರೆಯಲ್ಲಿಯೇ ಇದೆ. ಹಳಗನ್ನಡದ ನಿಷೇಧರೂಪಗಳಲ್ಲಿ ಪುರುಷ, ಲಿಂಗ, ವಚನಗಳನ್ನು ತೋರುವ ಪ್ರತ್ಯಯಗಳಿದ್ದವು. ಇಂದಿನ ಸಾಮಾನ್ಯ ನಿಷೇಧರೂಪಗಳಲ್ಲಿ ಅವು ಇಲ್ಲ. ವಿಧಿರೂಪಗಳಲ್ಲಿ ಮಾತ್ರ ಅವು ಉಳಿದಿವೆ. ಅಂದರೆ ಒಂದೇ ಭಾಷೆಯ ಅರ್ಧಭಾಗದಲ್ಲಿ ಪ್ರತ್ಯಯ ಅಳಿದು ಇನ್ನರ್ಧದಲ್ಲಿ ಉಳಿದಿದೆ. ಪ್ರತ್ಯಯವೇ ಲೋಪಕ್ಕೆ ಆಧಾರವಾಗಿದ್ದರೆ, ಆ ಆಧಾರ ಕಳಚಿದ ಕಡೆ ಸರ್ವನಾಮ ಕಡ್ಡಾಯವಾಗಬೇಕಿತ್ತು, ಕಡೆಯಪಕ್ಷ ಅದರ ಬಿಡುವಿಕೆಗೆ ಹೊಸ ನಿರ್ಬಂಧಗಳು ಹುಟ್ಟಬೇಕಿತ್ತು. ಹಾಗೆ ಆಯಿತೇ ಎಂಬುದು ಈ ಲೇಖನದ ಪ್ರಶ್ನೆ.

2. ವಿವರಣೆಯ ಹಿನ್ನೆಲೆ

ಪ್ರತ್ಯಯ ಮತ್ತು ಲೋಪಗಳ ಸಂಬಂಧವನ್ನು ಮೊದಲು ವಿಸ್ತಾರವಾಗಿ ಚರ್ಚಿಸಿದವರು ಗ್ರೀಕ್ ಮತ್ತು ಲ್ಯಾಟಿನ್ ವೈಯಾಕರಣರು. ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಅಪೊಲೋನಿಯಸ್ ಡಿಸ್ಕೊಲಸ್, ಕ್ರಿಯಾಪದವೇ ಪುರುಷವನ್ನು ತಿಳಿಸುವುದರಿಂದ ಪ್ರಥಮಾ ವಿಭಕ್ತಿಯ ಸರ್ವನಾಮ ಬರುವುದು ಮುಖ್ಯವಾಗಿ ವ್ಯತ್ಯಾಸವನ್ನು ಒತ್ತಿಹೇಳಲು ಎಂದು ವಾದಿಸಿದನು. ಸುಮಾರು ಕ್ರಿ.ಶ. 500ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಬೋಧಿಸುತ್ತಿದ್ದ ಪ್ರಿಸ್ಕಿಯನ್ ಈ ವಿಚಾರವನ್ನು ಲ್ಯಾಟಿನ್ನಿಗೆ ಅನ್ವಯಿಸಿದನು. ಈ ಪರಂಪರೆ ಒಂದು ಮಿತಿಯನ್ನೂ ಗುರುತಿಸಿತ್ತು. ಮಾತನಾಡುವವನು ಮತ್ತು ಕೇಳುವವನು ಸನ್ನಿವೇಶದಲ್ಲಿಯೇ ನಿಶ್ಚಿತರು. ಅವರಿಬ್ಬರನ್ನು ಬಿಟ್ಟು ಉಳಿದವರೆಲ್ಲರನ್ನೂ ಒಳಗೊಳ್ಳುವ ಪುರುಷ ಅನಿಶ್ಚಿತ. ಆ ಪುರುಷದ ಪ್ರತ್ಯಯದಿಂದ ವ್ಯಕ್ತಿ ಯಾರೆಂದು ತಿಳಿಯುವುದಿಲ್ಲ. ಮುಂದಿನವರು ವಿವರಣೆಯನ್ನು ಉಳಿಸಿಕೊಂಡು ಈ ಮಿತಿಯನ್ನು ಬಹುಮಟ್ಟಿಗೆ ಮರೆತರು.

ಪಾಣಿನಿಯ ವ್ಯವಸ್ಥೆಯಲ್ಲಿ ಬಾಣದ ಮುಖ ತಿರುವುಮುರುವಾಗಿದೆ. ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಮಧ್ಯಮಪುರುಷದ ಪ್ರತ್ಯಯವನ್ನು ವಿಧಿಸುವಾಗ, ಕ್ರಿಯೆಯೊಡನೆ ಸಮಾನಾಧಿಕರಣವಾಗಿ ‘ಯುಷ್ಮದ್’ ಇರಬೇಕೆಂದು ಹೇಳಿ, ಅದು ವಾಕ್ಯದಲ್ಲಿ ಪ್ರಯುಕ್ತವಾಗದೆ ಸ್ಥಾನಿಯಾಗಿ ಉಳಿದಿದ್ದರೂ ವಿಧಿ ಅನ್ವಯಿಸುತ್ತದೆ ಎಂದು ಸೇರಿಸಲಾಗಿದೆ. ಇಲ್ಲಿ ಪ್ರತ್ಯಯವಿದೆಯೆಂದು ಸರ್ವನಾಮ ಬಿಟ್ಟುಹೋಗುವುದಿಲ್ಲ. ಕಾಣಿಸಲಿ ಬಿಡಲಿ, ಸರ್ವನಾಮವಿದೆಯೆಂದು ಪ್ರತ್ಯಯ ಬರುತ್ತದೆ. ಲೋಪಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ಆ ಸೂತ್ರ ಕೈಗೆತ್ತಿಕೊಳ್ಳುವುದೇ ಇಲ್ಲ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಆಖ್ಯಾತಪ್ರಕರಣದಲ್ಲಿ ಅಂ, ಅರ್, ಅಯ್, ಇರ್, ಎಂ, ಎವು ಎಂಬ ಆರು ಆಖ್ಯಾತವಿಭಕ್ತಿಗಳನ್ನು ಪುರುಷ-ವಚನಗಳಿಗೆ ಹಂಚುವಾಗ ಅವನ ಮುಂದಿದ್ದುದು ಸಂಸ್ಕೃತ ವ್ಯಾಕರಣದ ಈ ಚೌಕಟ್ಟು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲ್ಯಾಟಿನ್ ಪರಂಪರೆಯ ವಿವರಣೆಯೇ ಹೊಸ ರೂಪ ತಾಳಿತು. ಕ್ರಿಯಾಪದದ ಹೊಂದಾಣಿಕೆ ‘ಸಮೃದ್ಧ’ವಾಗಿರುವ ಭಾಷೆಗಳಲ್ಲಿ ಕರ್ತೃಲೋಪ ಸಾಧ್ಯವೆಂಬ ಸಾಮಾನ್ಯೀಕರಣವನ್ನು 1970ರ ದಶಕದ ಕೊನೆಯಲ್ಲಿ ಟರಾಲ್ಡ್‌ಸೆನ್ ಮುಂದಿಟ್ಟರು, ಚಾಮ್‌ಸ್ಕಿ 1981ರಲ್ಲಿ, ರಿಟ್ಸಿ 1982ರಲ್ಲಿ ಅದನ್ನು ಭಾಷೆಗಳ ನಡುವಣ ಒಂದು ನಿಯತ ಆಯ್ಕೆಯ ಭಾಗವಾಗಿ ಬೆಳೆಸಿದರು. ಕ್ರಿಯಾಪದದಲ್ಲಿ ಯಾವ ಹೊಂದಾಣಿಕೆಯೂ ಇಲ್ಲದ ಚೀನೀ ಭಾಷೆ ಕರ್ತೃವನ್ನು ಧಾರಾಳವಾಗಿ ಬಿಡುತ್ತದೆ ಎಂಬುದು ಇದಕ್ಕೆ ಎದುರಾದ ದೊಡ್ಡ ಆಕ್ಷೇಪ. 1984ರಲ್ಲಿ ಹುವಾಂಗ್ ಭಾಷೆಗಳನ್ನು ಬೇರ್ಪಡಿಸಿ ಉತ್ತರ ಕೊಟ್ಟರು: ಇಟಾಲಿಯನ್ನಿನಂತಹ ಭಾಷೆಗಳಲ್ಲಿ ಬಿಟ್ಟ ಕರ್ತೃವನ್ನು ಪ್ರತ್ಯಯ ಗುರುತಿಸುತ್ತದೆ, ಚೀನೀಯಂತಹ ಭಾಷೆಗಳಲ್ಲಿ ಮೇಲಿನ ವಾಕ್ಯದ ನಾಮಪದವೋ ಸಂಭಾಷಣೆಯ ವಿಷಯವೋ ಗುರುತಿಸುತ್ತದೆ. 1989ರಲ್ಲಿ ಯೇಗ್ಲಿ ಮತ್ತು ಸಫೀರ್ ಸಮೃದ್ಧಿಯ ಬದಲು ರೂಪಾವಳಿಯ ಏಕರೂಪತೆಯನ್ನು ಮಾನದಂಡವಾಗಿ ಮಾಡಿದರು. ಈ ಚರ್ಚೆಯಲ್ಲೆಲ್ಲ ಒಂದು ಭಾಷೆ ಒಂದು ಪಕ್ಷಕ್ಕೆ ಸೇರುತ್ತದೆ ಎಂಬ ಊಹೆಯಿದೆ. ಕನ್ನಡದ ನಿಷೇಧ ತೊಡಕಾಗುವುದು ಈ ಊಹೆಗೆ.

3. ನಿಷೇಧರೂಪದಲ್ಲಿ ಆದ ಬದಲಾವಣೆ

ಹಳಗನ್ನಡದಲ್ಲಿ ಧಾತುವಿಗೆ ಕಾಲಸೂಚಕವಿಲ್ಲದೆ ನೇರವಾಗಿ ಪುರುಷಪ್ರತ್ಯಯ ಸೇರಿದರೆ ನಿಷೇಧಾರ್ಥ ಬರುತ್ತಿತ್ತು. ‘ಮಾಡು’ ಧಾತುವಿನಿಂದ ಮಾಡೆಂ, ಮಾಡೆವು, ಮಾಡಯ್, ಮಾಡಿರ್, ಮಾಡಂ, ಮಾಡಳ್, ಮಾಡರ್, ಮಾಡದು, ಮಾಡವು ಎಂಬ ರೂಪಗಳಾಗುತ್ತಿದ್ದವು. ‘ಮಾಡಿದೆಂ’ ಎಂಬಲ್ಲಿ ಭೂತಕಾಲದ ಗುರುತೂ ಪುರುಷದ ಗುರುತೂ ಇವೆ. ‘ಮಾಡೆಂ’ ಎಂಬಲ್ಲಿ ಪುರುಷದ ಗುರುತು ಮಾತ್ರ ಇದೆ. ಆದ್ದರಿಂದ ‘ಮಾಡೆಂ’ ಸಂದರ್ಭಕ್ಕೆ ತಕ್ಕಂತೆ ‘ಮಾಡುವುದಿಲ್ಲ’ ಎಂದೂ ‘ಮಾಡಲಿಲ್ಲ’ ಎಂದೂ ಅರ್ಥ ಕೊಡುತ್ತಿತ್ತು. ಕಾಲವನ್ನು ಸಂದರ್ಭದಿಂದ ಊಹಿಸಬೇಕಿತ್ತು. ಪುರುಷವನ್ನು ರೂಪವೇ ಹೇಳುತ್ತಿತ್ತು.

ಇದರ ಜೊತೆಗೆ ‘ಇಲ್ಲ’ ಎಂಬ ಪದವೂ ಇತ್ತು. ಅದು ಇರುವಿಕೆಯನ್ನು ನಿಷೇಧಿಸುವ, ಪುರುಷಭೇದ ತೋರದ ಪದ. ಕಾಲಕ್ರಮದಲ್ಲಿ ಇದು ಬೇರೆ ಧಾತುಗಳ ನಿಷೇಧಕ್ಕೂ ನೆರವಾಗತೊಡಗಿತು. ಭಾವನಾಮದೊಡನೆ ಸೇರಿ ‘ಮಾಡುವುದು + ಇಲ್ಲ’, ಭಾವಸೂಚಕ ಅವ್ಯಯದೊಡನೆ ಸೇರಿ ‘ಮಾಡಲ್ + ಇಲ್ಲ’ ಎಂಬ ಎರಡು ರಚನೆಗಳು ನೆಲೆಗೊಂಡವು. ಮೊದಲನೆಯದು ವರ್ತಮಾನ-ಭವಿಷ್ಯತ್ತುಗಳಿಗೆ, ಎರಡನೆಯದು ಭೂತಕ್ಕೆ ಮೀಸಲಾಯಿತು. ಹಳೆಯ ರೂಪದಲ್ಲಿ ಇಲ್ಲದಿದ್ದ ಕಾಲಭೇದ ಹೀಗೆ ನಿಷೇಧಕ್ಕೆ ದೊರೆಯಿತು. ಇದ್ದ ಪುರುಷಭೇದ ಹೋಯಿತು. ಹೋದದ್ದು ಧ್ವನಿಗಳು ಸವೆದುದರಿಂದ ಅಲ್ಲ ಎಂಬುದನ್ನು ಗಮನಿಸಬೇಕು. ‘ಮಾಡುವುದಿಲ್ಲ’ ಎಂಬುದರ ಮೂಲಾರ್ಥ ‘ಮಾಡುವಿಕೆ ಇಲ್ಲ’ ಎಂದು. ಅಲ್ಲಿ ‘ಇಲ್ಲ’ದ ಕರ್ತೃ ‘ಮಾಡುವುದು’ ಎಂಬ ನಪುಂಸಕ ಭಾವನಾಮ. ಮಾಡುವವನ ಪುರುಷವನ್ನು ಹೇಳುವ ಪ್ರತ್ಯಯಕ್ಕೆ ಆ ರಚನೆಯಲ್ಲಿ ಜಾಗವೇ ಇರಲಿಲ್ಲ.

ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ವಿವರಿಸಿದ ಕಿಟ್ಟೆಲ್ಲರ ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಗುವ ಹೊತ್ತಿಗೆ ಆಡುಮಾತಿನಲ್ಲಿ ‘ಇಲ್ಲ’ದ ರಚನೆಗಳೇ ಸಾಮಾನ್ಯವಾಗಿದ್ದವು. ಆದರೂ ಹಳೆಯ ರೂಪ ಪೂರ್ತಿ ಅಳಿಯಲಿಲ್ಲ. ಅರಿಯೆ, ಕಾಣೆ, ಒಲ್ಲೆ ಮುಂತಾದ ಕೆಲವು ರೂಪಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಬರವಲ್ಲಳು’, ‘ಬರವಲ್ಲರು’, ‘ಆಗವಲ್ದು’ ಎಂಬ ಬಗೆಯ ರೂಪಗಳಲ್ಲಿ ‘ಒಲ್’ ಧಾತು ಸಹಾಯಕವಾಗಿ ನಿಂತು ಪ್ರತ್ಯಯಸಹಿತ ನಿಷೇಧವನ್ನು ಉಳಿಸಿಕೊಂಡಿದೆ.

4. ಸರ್ವನಾಮಕ್ಕೆ ಏನಾಯಿತು

ಪ್ರತ್ಯಯ ಹೋದ ಬಳಿಕ ಕರ್ತೃಪದದ ಸ್ಥಿತಿ ಏನಾಯಿತು? ಈ ಮೂರು ವಾಕ್ಯಗಳ ಸರಣಿಯನ್ನು ನೋಡಬಹುದು: ‘ಅಮ್ಮ ಸಂತೆಯಿಂದ ಬಂದಳು. ಅಡುಗೆ ಮಾಡಲಿಲ್ಲ. ಹಾಗೆಯೇ ಮಲಗಿದಳು.’ ಒಂದನೆಯ ಮತ್ತು ಮೂರನೆಯ ವಾಕ್ಯಗಳ ಕ್ರಿಯಾಪದಗಳಲ್ಲಿ ಸ್ತ್ರೀಲಿಂಗ ಏಕವಚನದ ಗುರುತಿದೆ. ಎರಡನೆಯದರಲ್ಲಿ ಯಾವ ಗುರುತೂ ಇಲ್ಲ. ‘ಮಾಡಲಿಲ್ಲ’ ಎಂಬ ರೂಪ ನಾನು, ನೀನು, ಅವನು, ಅವಳು, ಅವರು ಎಲ್ಲರಿಗೂ ಒಂದೇ. ಆದರೂ ಅಲ್ಲಿ ‘ಅವಳು’ ಬೇಕೆನಿಸುವುದಿಲ್ಲ. ಸೇರಿಸಿದರೆ ಅಡುಗೆ ಮಾಡಿದವರು ಬೇರೆ ಯಾರೋ ಇದ್ದಾರೆ ಎಂಬ ಧ್ವನಿ ಬರುತ್ತದೆ. ವಿಧಿರೂಪದ ಮೂರನೆಯ ವಾಕ್ಯಕ್ಕೆ ‘ಅವಳು’ ಸೇರಿಸಿದಾಗಲೂ ಇದೇ ಬಗೆಯ ವ್ಯತ್ಯಾಸಸೂಚನೆ ಉಂಟಾಗುತ್ತದೆ. ಎಂದರೆ ಪ್ರತ್ಯಯವಿರುವ ಕಡೆಯೂ ಇಲ್ಲದ ಕಡೆಯೂ ಸರ್ವನಾಮದ ಕೆಲಸ ಒಂದೇ ಆಗಿ ಉಳಿದಿದೆ. ಅಪೊಲೋನಿಯಸ್ ಪ್ರತ್ಯಯದ ಫಲವೆಂದು ಹೇಳಿದ್ದು ಪ್ರತ್ಯಯವಿಲ್ಲದೆಯೂ ನಡೆಯುತ್ತಿದೆ.

ಮೇಲಿನ ಸರಣಿಯಲ್ಲಿ ಹಿಂದುಮುಂದಿನ ಪ್ರತ್ಯಯಗಳು ನಡುವಿನ ವಾಕ್ಯಕ್ಕೆ ನೆರವಾಗುತ್ತಿವೆ ಎಂದು ಆಕ್ಷೇಪಿಸಬಹುದು. ಅದಕ್ಕೆ ಪ್ರತ್ಯಯದ ನೆರಳೂ ಇಲ್ಲದ ಸಂಭಾಷಣೆಯನ್ನು ನೋಡಬೇಕು: ‘ನಿನ್ನೆ ಯಾಕೆ ಬರಲಿಲ್ಲ?’ ‘ಜ್ವರ ಇತ್ತು, ಬರಲಿಲ್ಲ.’ ಎರಡು ಕಡೆಯೂ ರೂಪ ಒಂದೇ. ಮೊದಲನೆಯದು ಕೇಳುವವನನ್ನು, ಎರಡನೆಯದು ಹೇಳುವವನನ್ನು ಕುರಿತದ್ದು. ಸರ್ವನಾಮವಿಲ್ಲದಿದ್ದರೂ ಗೊಂದಲವಿಲ್ಲ. ಬೇರೆ ವ್ಯಕ್ತಿಯ ಪ್ರಸ್ತಾಪವಿಲ್ಲದಿರುವಾಗ ಎದುರಿಗಿರುವವನಿಗೆ ಹಾಕುವ ಪ್ರಶ್ನೆ ಅವನನ್ನೇ ಕುರಿತದ್ದೆಂದೂ, ಅವನು ಕೊಡುವ ಉತ್ತರ ತನ್ನನ್ನೇ ಕುರಿತದ್ದೆಂದೂ ಸಂಭಾಷಣೆಯ ರೀತಿಯೇ ನಿಶ್ಚಯಿಸುತ್ತದೆ.

ಇದು ನಿಷೇಧಕ್ಕೆ ಮಾತ್ರ ಸೀಮಿತವಲ್ಲ. ಹಳಗನ್ನಡದ ‘ಬಂದೆಂ’, ‘ಬಂದಯ್’ ಎಂಬ ಭಿನ್ನ ರೂಪಗಳು ದಕ್ಷಿಣ ಕರ್ನಾಟಕದ ಆಡುಮಾತಿನಲ್ಲಿ ‘ಬಂದೆ’ ಎಂಬ ಒಂದೇ ರೂಪವಾಗಿ ಕೂಡಿಕೊಂಡಿವೆ: ‘ನಾನು ಬಂದೆ’, ‘ನೀನು ಬಂದೆ’. ಧಾರವಾಡದ ಕಡೆ ಎರಡನೆಯದು ‘ಬಂದಿ’ ಆಗಿರುವುದರಿಂದ ಅಲ್ಲಿ ಭೇದ ಉಳಿದಿದೆ. ಆದರೆ ‘ಯಾವಾಗ ಬಂದೆ?’ ‘ನಿನ್ನೆ ಬಂದೆ’ ಎಂಬ ಮಾತುಕತೆ ಮೈಸೂರಿನಲ್ಲಿ ಸರ್ವನಾಮವಿಲ್ಲದೆ ಸರಾಗವಾಗಿ ನಡೆಯುತ್ತದೆ. ಪ್ರತ್ಯಯಗಳ ಕೂಡಿಕೆ ಅಲ್ಲಿಯೂ ಸರ್ವನಾಮವನ್ನು ಕಡ್ಡಾಯಗೊಳಿಸಲಿಲ್ಲ.

ಇನ್ನೊಂದು ಕಡೆ ಉಳಿದುಬಂದ ಹಳೆಯ ರೂಪಗಳು ಹೇಳುವುದು ಕೂಡ ಇದನ್ನೇ. ‘ಅರಿಯೆ’, ‘ಒಲ್ಲೆ’ ಎಂಬಲ್ಲಿ ಉತ್ತಮಪುರುಷದ ಗುರುತು ಸ್ಪಷ್ಟವಾಗಿದ್ದರೂ ‘ನಾನರಿಯೆ’, ‘ನಾನೊಲ್ಲೆ’ ಎಂಬ ಸಂಧಿರೂಪಗಳು ಕನ್ನಡ ಕಿವಿಗೆ ಚೆನ್ನಾಗಿ ಪರಿಚಿತ. ಪುರುಷದ ಗುರುತೇ ಇಲ್ಲದ ‘ಗೊತ್ತಿಲ್ಲ’ ಎಂಬ ಮಾತು ‘ನನಗೆ’ ಇಲ್ಲದೆ ದಿನವೂ ಕೇಳಿಬರುತ್ತದೆ. ಪ್ರತ್ಯಯ ತುಂಬಿದ ರೂಪ ಸರ್ವನಾಮವನ್ನು ಹೊರದೂಡುವುದಿಲ್ಲ. ಬರಿದಾದ ರೂಪ ಅದನ್ನು ಒಳಕರೆಯುವುದಿಲ್ಲ.

5. ಪ್ರತ್ಯಯ ನಿಜವಾಗಿ ಮಾಡುವ ಕೆಲಸ

ಹಾಗೆಂದು ಪ್ರತ್ಯಯ ನಿಷ್ಪ್ರಯೋಜಕವೆಂದು ತೀರ್ಮಾನಿಸಲಾಗದು. ಅದರ ಕೆಲಸ ಎಲ್ಲಿ ಎಂಬುದನ್ನು ಎರಡು ಸಂದರ್ಭಗಳಲ್ಲಿ ಕಾಣಬಹುದು.

ಮೊದಲನೆಯದು ಇಬ್ಬರು ವ್ಯಕ್ತಿಗಳಿರುವ ಕಥನ. ‘ತಾಯಿ ಮಗನನ್ನು ಕರೆದಳು. ಬಂದನು’ ಎಂದರೆ ಬಂದವನು ಮಗ ಎಂದು ಪ್ರತ್ಯಯ ನಿರ್ಣಯಿಸುತ್ತದೆ. ‘ತಾಯಿ ಮಗಳನ್ನು ಕರೆದಳು. ಬಂದಳು’ ಎಂಬಲ್ಲಿ ಇಬ್ಬರೂ ಸ್ತ್ರೀಯರಾದ್ದರಿಂದ ಪ್ರತ್ಯಯ ಇದ್ದೂ ನೆರವಾಗುವುದಿಲ್ಲ. ಎಚ್ಚರದ ಲೇಖಕ ‘ಮಗಳು’ ಎಂಬ ಪದವನ್ನು ಮತ್ತೆ ತರುತ್ತಾನೆ. ಪ್ರತ್ಯಯ ಸಾಧ್ಯತೆಗಳನ್ನು ಲಿಂಗ-ವಚನಗಳ ಮಟ್ಟಿಗೆ ಕಿರಿದು ಮಾಡುತ್ತದೆಯೇ ಹೊರತು ವ್ಯಕ್ತಿಯನ್ನು ತೋರಿಸಿಕೊಡುವುದಿಲ್ಲ. ಪ್ರಿಸ್ಕಿಯನ್ ಅನಿಶ್ಚಿತವೆಂದು ಕರೆದ ಪುರುಷದ ಸ್ಥಿತಿ ಕನ್ನಡದಲ್ಲಿಯೂ ಅಷ್ಟೇ.

ಎರಡನೆಯದು ‘ಎಂದು’ ಬಳಸಿ ವರದಿಮಾಡಿದ ಮಾತು. ‘ರಾಜು ಬರುತ್ತೇನೆಂದು ಹೇಳಿದ’ ಎಂದರೆ ಬರುವವನು ರಾಜುವೇ. ‘ರಾಜು ಬರುತ್ತಾಳೆಂದು ಹೇಳಿದ’ ಎಂದರೆ ಈಗಾಗಲೇ ಪ್ರಸ್ತಾಪವಾಗಿರುವ ಹೆಣ್ಣೊಬ್ಬಳು ಬರುತ್ತಾಳೆ. ಎರಡೂ ವಾಕ್ಯಗಳ ಒಳಗಡೆ ಕರ್ತೃಪದವಿಲ್ಲ. ಅರ್ಥಭೇದವನ್ನು ಪ್ರತ್ಯಯವೊಂದೇ ಹೊತ್ತಿದೆ. ಇವನ್ನು ನಿಷೇಧಕ್ಕೆ ತಿರುಗಿಸಿದರೆ ಎರಡಕ್ಕೂ ‘ರಾಜು ಬರುವುದಿಲ್ಲವೆಂದು ಹೇಳಿದ’ ಎಂಬ ಒಂದೇ ವಾಕ್ಯ ಸಿಗುತ್ತದೆ. ಬಾರದವನು ರಾಜುವೋ ಇನ್ನೊಬ್ಬಳೋ ಎಂಬುದು ವಾಕ್ಯದಿಂದ ತಿಳಿಯುವುದಿಲ್ಲ. ಹಳೆಯ ‘ಬಾರೆಂ’, ‘ಬಾರಳ್’ ಎಂಬ ರೂಪಗಳು ಈ ಭೇದವನ್ನು ಹೇಳಬಲ್ಲವಾಗಿದ್ದವು. ಪ್ರತ್ಯಯ ಕಳೆದುಕೊಂಡದ್ದಕ್ಕೆ ಕನ್ನಡ ಬೆಲೆ ತೆತ್ತದ್ದು ಇಲ್ಲಿ. ಸಂದಿಗ್ಧತೆ ಕಾಡಿದರೆ ‘ತಾನು ಬರುವುದಿಲ್ಲವೆಂದು’ ಎಂದೋ ‘ಸೀತೆ ಬರುವುದಿಲ್ಲವೆಂದು’ ಎಂದೋ ಪದ ಸೇರಿಸಿ ಅದನ್ನು ಪರಿಹರಿಸುತ್ತೇವೆ. ಗಮನಾರ್ಹವಾದದ್ದು, ಈ ಪರಿಹಾರ ಅಗತ್ಯ ಬಿದ್ದ ಕಡೆಗಷ್ಟೇ ಸೀಮಿತವಾಗಿ ಉಳಿಯಿತು. ಒಳವಾಕ್ಯದ ನಿಷೇಧದಲ್ಲೆಲ್ಲ ಕರ್ತೃಪದ ಇರಲೇಬೇಕೆಂಬ ನಿಯಮವಾಗಿ ಅದು ಗಟ್ಟಿಗೊಳ್ಳಲಿಲ್ಲ.

6. ಹೊರಗಿನ ಎರಡು ಸಾಕ್ಷ್ಯಗಳು

ನಿಷೇಧದಲ್ಲಿ ಲೋಪ ಉಳಿದದ್ದು ವಿಧಿರೂಪಗಳ ಸಾದೃಶ್ಯದಿಂದ ಎಂದು ಹೇಳಲು ಅವಕಾಶವಿದೆ. ಭಾಷೆಯ ಅರ್ಧದಲ್ಲಿ ಪ್ರತ್ಯಯ ಇನ್ನೂ ಇರುವುದರಿಂದ, ಅಲ್ಲಿ ನಡೆಯುವ ಲೋಪ ಇನ್ನರ್ಧಕ್ಕೂ ಹಬ್ಬಿದೆ ಎಂಬ ವಾದವದು. ಇದಕ್ಕೆ ಮಲಯಾಳ ಉತ್ತರ ಕೊಡುತ್ತದೆ. ಹಳೆಯ ಮಲಯಾಳದಲ್ಲಿದ್ದ ಪುರುಷಪ್ರತ್ಯಯಗಳು ಕಾಲಕ್ರಮದಲ್ಲಿ ಬಳಕೆಯಿಂದ ಹೊರಟುಹೋದವು. ಎ.ಆರ್. ರಾಜರಾಜವರ್ಮರು ಕೇರಳಪಾಣಿನೀಯದಲ್ಲಿ ಮಲಯಾಳವನ್ನು ತಮಿಳಿನಿಂದ ಬೇರ್ಪಡಿಸುವ ಆರು ‘ನಯ’ಗಳನ್ನು ಪಟ್ಟಿಮಾಡುವಾಗ ‘ಪುರುಷಭೇದನಿರಾಸ’ವನ್ನು ಅವುಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಇಂದು ಅಲ್ಲಿ ‘ವನ್ನು’ ಎಂಬ ಭೂತರೂಪ ಎಲ್ಲ ಪುರುಷಗಳಿಗೂ ಒಂದೇ. ಸಾದೃಶ್ಯಕ್ಕೆ ಪ್ರತ್ಯಯವಿರುವ ಅರ್ಧಭಾಗ ಅಲ್ಲಿ ಉಳಿದಿಲ್ಲ. ಆದರೂ ಸಂದರ್ಭದಿಂದ ತಿಳಿಯುವ ಕರ್ತೃವನ್ನು ಮಲಯಾಳ ಧಾರಾಳವಾಗಿ ಬಿಡುತ್ತದೆ.

ಫ್ರೆಂಚಿನ ಚರಿತ್ರೆ ವಿರುದ್ಧ ದಿಕ್ಕಿನದು. ಪ್ರತ್ಯಯಗಳು ಸವೆದುದರಿಂದಲೇ ಅಲ್ಲಿ ಸರ್ವನಾಮ ಕಡ್ಡಾಯವಾಯಿತೆಂಬುದು ಜನಪ್ರಿಯ ವಿವರಣೆ. ಆದರೆ ಹಳೆಯ ಫ್ರೆಂಚಿನಲ್ಲಿ ಲೋಪ ಮುಖ್ಯವಾಗಿ ಪ್ರಧಾನ ವಾಕ್ಯಗಳಲ್ಲಿ, ಬೇರೊಂದು ಪದ ಮೊದಲು ಬಂದು ಕ್ರಿಯಾಪದ ಎರಡನೆಯ ಸ್ಥಾನದಲ್ಲಿ ನಿಂತಾಗ ಕಾಣುತ್ತದೆ. ಅಧೀನ ವಾಕ್ಯಗಳಲ್ಲಿ ಅದು ಬಹಳ ಕಡಿಮೆ. ಎರಡು ಬಗೆಯ ವಾಕ್ಯಗಳಲ್ಲೂ ಪ್ರತ್ಯಯಗಳು ಅವೇ. ಅವೇ ಪ್ರತ್ಯಯಗಳಿದ್ದು ಒಂದು ಕಡೆ ಲೋಪ, ಇನ್ನೊಂದು ಕಡೆ ಅದರ ಅಭಾವ ಎಂದಾದರೆ ವಾಕ್ಯದ ಪದಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 1987ರಲ್ಲಿ ಮ್ಯಾರಿಯಾನ್ ಆಡಮ್ಸ್ ಲೋಪದ ಇತಿಹಾಸವನ್ನು ಈ ಕ್ರಿಯಾಪದಸ್ಥಾನದ ಇತಿಹಾಸದೊಡನೆ ಜೋಡಿಸಿದ್ದು ಇದೇ ಕಾರಣಕ್ಕೆ. ಮಲಯಾಳದಲ್ಲಿ ಪ್ರತ್ಯಯ ಹೋಗಿ ಲೋಪ ಉಳಿಯಿತು. ಹಳೆಯ ಫ್ರೆಂಚಿನಲ್ಲಿ ಪ್ರತ್ಯಯ ಇದ್ದ ಕಡೆಯೇ ಲೋಪಕ್ಕೆ ತಡೆಯಿತ್ತು.

7. ಸಮಾರೋಪ

ಹುವಾಂಗ್ ಮಾಡಿದ ವಿಂಗಡಣೆಯನ್ನು ಯಥಾವತ್ತಾಗಿ ಅನ್ವಯಿಸಿದರೆ, ಕನ್ನಡಿಗನು ‘ಮಾಡಿದೆನು’ ಎನ್ನುವಾಗ ಇಟಾಲಿಯನ್ ಪಕ್ಷದಲ್ಲೂ ‘ಮಾಡಲಿಲ್ಲ’ ಎನ್ನುವಾಗ ಚೀನೀ ಪಕ್ಷದಲ್ಲೂ ಇರುತ್ತಾನೆ. ಒಂದೇ ಮಾತಿನ ಸರಣಿಯಲ್ಲಿ ಹಲವು ಬಾರಿ ಪಕ್ಷ ಬದಲಿಸುತ್ತಾನೆ. ಆದರೆ ಸರ್ವನಾಮದ ಬಳಕೆಯಲ್ಲಿ ಈ ಬದಲಾವಣೆಯ ಗುರುತು ಕಾಣದು. ಯೇಗ್ಲಿ ಮತ್ತು ಸಫೀರರ ಏಕರೂಪತೆಯ ಮಾನದಂಡ ಇಲ್ಲಿ ಪಾರಾಗಬಹುದು. ಏಕೆಂದರೆ ‘ಮಾಡಲಿಲ್ಲ’ ಕೂಡ ಬರಿಯ ಧಾತುವಲ್ಲ, ಸಾಧಿತರೂಪವೇ. ಆದರೆ ಹಾಗೆ ಪಾರಾಗುವಾಗ ‘ಪ್ರತ್ಯಯ ಕರ್ತೃವನ್ನು ತಿಳಿಸುತ್ತದೆ’ ಎಂಬ ಮೂಲ ವಾದವನ್ನು ಅದು ಕೈಬಿಟ್ಟಿರುತ್ತದೆ.

ಈ ತೀರ್ಮಾನವನ್ನು ಪಠ್ಯಗಳ ಎಣಿಕೆಯಿಂದ ಪರೀಕ್ಷಿಸಬಯಸುವವರು ಒಂದು ಅಪಾಯವನ್ನು ನೆನಪಿಡಬೇಕು. ನಿಷೇಧವಾಕ್ಯ ಸ್ವಭಾವತಃ ವ್ಯತ್ಯಾಸಸೂಚಕ ಸಂದರ್ಭಗಳಲ್ಲಿ ಹೆಚ್ಚಾಗಿ ಬರಬಹುದು: ‘ನಾನು ಮಾಡಲಿಲ್ಲ, ಅವನು ಮಾಡಿದ.’ ಇಲ್ಲಿನ ‘ನಾನು’ ಪ್ರತ್ಯಯದ ಕೊರತೆಯನ್ನು ತುಂಬಲು ಬಂದದ್ದಲ್ಲ. ಅದೇ ವಾಕ್ಯದ ‘ಮಾಡಿದ’ ಎಂಬ ವಿಧಿರೂಪಕ್ಕೂ ‘ಅವನು’ ಬಂದಿದೆ. ಎಲ್ಲ ನಿಷೇಧವಾಕ್ಯಗಳನ್ನೂ ಒಟ್ಟಾಗಿ ಎಣಿಸಿದರೆ ಸರ್ವನಾಮಗಳ ಸಂಖ್ಯೆ ಹೆಚ್ಚಿ, ಪ್ರತ್ಯಯನಾಶದ ಫಲವೆಂಬ ಭ್ರಮೆ ಹುಟ್ಟಬಹುದು. ಹಿಂದಿನ ವಾಕ್ಯದ ಕರ್ತೃವೇ ಮುಂದುವರಿದಿರುವ, ವ್ಯತ್ಯಾಸಸೂಚನೆಯಿಲ್ಲದ ವಾಕ್ಯಗಳನ್ನು ಮಾತ್ರ ಆಯ್ದು, ಅವುಗಳಲ್ಲಿ ವಿಧಿ-ನಿಷೇಧಗಳನ್ನು ಹೋಲಿಸಬೇಕು. ಉತ್ತರ ಕರ್ನಾಟಕದ ಭಾಷಿಕರ ಮಾತಿನಲ್ಲಿ ‘ಬರವಲ್ಲಳು’ ಮತ್ತು ‘ಬರಲಿಲ್ಲ’ ಎರಡೂ ಬಗೆಯ ನಿಷೇಧ ದೊರೆಯುವುದರಿಂದ ಈ ಹೋಲಿಕೆಗೆ ಅದು ತಕ್ಕ ಕ್ಷೇತ್ರ.

ಕನ್ನಡದಲ್ಲಿ ಕರ್ತೃಲೋಪಕ್ಕೆ ಅನುಮತಿ ಕೊಡುವುದು ಸಂದರ್ಭ. ಸಂದರ್ಭವೊಂದೇ ಸಾಲದೆ ಬಂದ ಕಡೆ, ಮುಖ್ಯವಾಗಿ ವರದಿಮಾಡಿದ ಮಾತಿನಲ್ಲಿ ಮತ್ತು ಭಿನ್ನಲಿಂಗದ ಇಬ್ಬರ ಕಥನದಲ್ಲಿ, ಪ್ರತ್ಯಯ ನೆರವಿಗೆ ಬರುತ್ತದೆ. ನಿಷೇಧದಲ್ಲಿ ಆ ನೆರವು ನಿಂತುಹೋದಾಗ ಭಾಷೆ ‘ತಾನು’ವಿನಂತಹ ಪದಗಳಿಂದ ಆಯಾ ಎಡೆಗಳನ್ನಷ್ಟೇ ತೇಪೆಹಾಕಿಕೊಂಡಿತು. ಕ್ರಿಯಾಪದದ ಕೊನೆ ಪುರುಷವನ್ನು ಹೇಳುತ್ತದೆ ಎಂಬುದು ಕನ್ನಡದ ಮಟ್ಟಿಗೆ ಅರ್ಧಸತ್ಯ. ಅದಕ್ಕಾಗಿಯೇ ಕರ್ತೃಪದ ಬಿಟ್ಟುಹೋಗುತ್ತದೆ ಎಂಬುದಕ್ಕೆ ‘ಬರಲಿಲ್ಲ’ ಎಂಬ ಒಂದು ಪದವೇ ಸಾಕಷ್ಟು ಪ್ರತ್ಯುತ್ತರ.